ರೇಖೆ 13 ಅಂದಿತು, ತಂಡ 10 ಇಟ್ಟಿತು: ಒಂದು ಸ್ಕ್ರೀನಿಂಗ್ ಪ್ರಶ್ನಾವಳಿಯ ಪ್ರಕರಣ

ಇದು ಖಿನ್ನತೆ ಇರಬಹುದಾದವರನ್ನು ಬೇಗ ಗುರುತಿಸಲು ಮಾಡಿದ ಒಂದು ಪುಟ್ಟ ಪ್ರಶ್ನಾವಳಿಯ ಪ್ರಕರಣ. ಹತ್ತು ಪ್ರಶ್ನೆಗಳು, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 30. ಎಷ್ಟು ಅಂಕ ಬಂದರೆ ಮುಂದಿನ ತಪಾಸಣೆಗೆ ಕಳಿಸಬೇಕು? ತಂಡದ ಮುಂದಿದ್ದ ಪ್ರಶ್ನೆ ಇಷ್ಟೇ. ನಾನು ಅಲ್ಲಿ ಲೆಕ್ಕದ ಕೆಲಸ ನೋಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಹೆಸರು, ಪ್ರಶ್ನಾವಳಿಯ ಹೆಸರು, ಜನರ ಹೆಸರು ಯಾವುದೂ ಇಲ್ಲಿ ಇಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನೂ ಸ್ವಲ್ಪ ಬದಲಿಸಿ, ಕೂಡಿ ಕಳೆಯಲು ಸುಲಭವಾಗುವ ಹಾಗೆ ಮಾಡಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ, ಯಾವ ಕಾರಣಕ್ಕೆ ಆದವು ಅನ್ನುವುದನ್ನು ಬದಲಿಸಿಲ್ಲ.

## ಪ್ರಶ್ನಾವಳಿ ಯಾರಿಗೆ ಬೇಕಿತ್ತು

ಸಾಮಾನ್ಯ ಹೊರರೋಗಿ ವಿಭಾಗ. ತಲೆನೋವು, ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆನೋವು ಅಂತ ಜನ ಬರುತ್ತಾರೆ. ಕಾಯುವಾಗ ಈ ಹಾಳೆ ತುಂಬುತ್ತಾರೆ. ಅಂಕ ಒಂದು ಮಟ್ಟ ದಾಟಿದರೆ ಆಪ್ತಸಮಾಲೋಚಕರು ಅವರನ್ನು ಕೂರಿಸಿಕೊಂಡು ಸುಮಾರು 40 ನಿಮಿಷದ ಸಂದರ್ಶನ ಮಾಡುತ್ತಾರೆ. ಕಾಯಿಲೆ ಇದೆಯೋ ಇಲ್ಲವೋ ಅನ್ನುವುದು ಆ ಸಂದರ್ಶನದಲ್ಲಿ ತೀರ್ಮಾನ ಆಗುತ್ತದೆಯೇ ಹೊರತು ಹಾಳೆಯಲ್ಲಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಇಡೀ ಚರ್ಚೆ ಇದರ ಮೇಲೇ ನಿಂತಿದೆ.

ನಾನು ಸೇರುವ ಹೊತ್ತಿಗೆ ತಂಡದ ಹತ್ತಿರ ಒಂದು ಉತ್ತರ ಆಗಲೇ ಇತ್ತು. ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 40 ಜನ, ಆರೋಗ್ಯವಾಗಿದ್ದ 60 ಸ್ವಯಂಸೇವಕರು, ಹೀಗೆ ಎರಡು ಗುಂಪಿಗೆ ಹಾಳೆ ಕೊಟ್ಟು, ಹಾಳೆ ಇಬ್ಬರನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅಂತ ತೋರಿಸುವ ಆರ್‌ಒಸಿ ರೇಖೆ ಎಳೆದಿದ್ದರು. ರೇಖೆಯ ಕೆಳಗಿನ ವಿಸ್ತೀರ್ಣ, ಅಂದರೆ ಎಯುಸಿ, 0.97 ಬಂದಿತ್ತು; ಅದು 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಕಟ್ ಆಫ್, ಅಂದರೆ ಸಂದರ್ಶನಕ್ಕೆ ಕಳಿಸುವ ಅಂಕದ ಗೆರೆ, 15 ಅಂತ ಬರೆದಿಟ್ಟಿದ್ದರು. ಎಲ್ಲರಿಗೂ ಖುಷಿ.

ಆ ಖುಷಿಗೆ ಮೊದಲು ಅಡ್ಡ ಬಂದವರು ತಂಡದ ನರ್ಸ್. "ಡಾಕ್ಟ್ರೇ, ನಮ್ಮ ಹೊರರೋಗಿ ವಿಭಾಗಕ್ಕೆ ಬರೋರು ಈ ಎರಡು ಗುಂಪಿನಲ್ಲಿ ಯಾವುದಕ್ಕೂ ಸೇರಲ್ಲವಲ್ಲ?" ಅಂದರು.

ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಒಂದು ಕಡೆ ಕಾಯಿಲೆ ಜೋರಾಗಿ ಇರುವವರು, ಇನ್ನೊಂದು ಕಡೆ ಯಾವ ತೊಂದರೆಯೂ ಇಲ್ಲದವರು. ಇಬ್ಬರ ನಡುವೆ ಗೆರೆ ಎಳೆಯುವುದು ಯಾವ ಪ್ರಶ್ನಾವಳಿಗೂ ಸುಲಭ. ನಿಜವಾದ ಕೆಲಸ ಇರುವುದು ಮಧ್ಯದ ಜನರಲ್ಲಿ: ಕಾಯಿಲೆ ಈಗಷ್ಟೇ ಶುರುವಾದವರು, ರಕ್ತಹೀನತೆಯಿಂದ ಸುಸ್ತಾಗಿರುವವರು, ಮೂರು ದಿನದಿಂದ ನಿದ್ದೆ ಇಲ್ಲದವರು. ಅವರು ಲೆಕ್ಕದಲ್ಲೇ ಇಲ್ಲದಿದ್ದರೆ ಎಯುಸಿ ಉಬ್ಬುತ್ತದೆ, ಕಟ್ ಆಫ್ ಕೂಡ ಮೇಲಕ್ಕೆ ಹೋಗಿ ಕೂರಬಹುದು. ಸಂಶೋಧನೆಯಲ್ಲಿ ಇದನ್ನು ಸ್ಪೆಕ್ಟ್ರಮ್ ಬಯಾಸ್ ಅನ್ನುತ್ತಾರೆ. 15 ಅನ್ನು ಬದಿಗಿಟ್ಟು, ಹೊರರೋಗಿ ವಿಭಾಗದಲ್ಲೇ ಹೊಸದಾಗಿ ಮಾಹಿತಿ ಸಂಗ್ರಹಿಸಲು ತಂಡ ಒಪ್ಪಿತು. ಮೊದಲ ತಿರುವು ಇದು.

## ಎಲ್ಲರಿಗೂ ಸಂದರ್ಶನ ಬೇಕಾ?

ಈ ಸಲ ಬಂದ ಸಾಲಿನಲ್ಲೇ 300 ಜನರನ್ನು ಸೇರಿಸಿಕೊಳ್ಳುವುದು ಅಂತಾಯಿತು. ಮುಖ್ಯಸ್ಥರಾಗಿದ್ದ ಮನೋವೈದ್ಯರು ಒಂದು ಸಲಹೆ ಕೊಟ್ಟರು. "ಎಲ್ಲರಿಗೂ 40 ನಿಮಿಷ ಅಂದರೆ 200 ಗಂಟೆ ಆಗುತ್ತೆ. ಅಂಕ ಜಾಸ್ತಿ ಬಂದವರೆಲ್ಲರನ್ನೂ ಸಂದರ್ಶನ ಮಾಡೋಣ. ಕಡಿಮೆ ಬಂದವರಲ್ಲಿ ಹತ್ತಕ್ಕೆ ಒಬ್ಬರನ್ನು ಮಾಡಿದರೆ ಸಾಕು."

ಕೇಳಲು ಸರಿ ಅನಿಸುತ್ತದೆ. ಆದರೆ ನಮಗೆ ಬೇಕಾಗಿದ್ದ ಮುಖ್ಯ ಸಂಖ್ಯೆ ಸೆನ್ಸಿಟಿವಿಟಿ: ಕಾಯಿಲೆ ಇರುವ ನೂರು ಜನರಲ್ಲಿ ಹಾಳೆ ಎಷ್ಟು ಜನರನ್ನು ಹಿಡಿಯುತ್ತದೆ ಅನ್ನುವುದು. ಹಾಳೆ ಕೈಬಿಟ್ಟವರು ಅಂಕ ಕಡಿಮೆ ಬಂದವರ ಗುಂಪಿನಲ್ಲೇ ಇರುತ್ತಾರೆ. ಆ ಗುಂಪನ್ನು ನೋಡದಿದ್ದರೆ ಕೈಬಿಟ್ಟವರು ಕಣ್ಣಿಗೇ ಬೀಳುವುದಿಲ್ಲ, ಸೆನ್ಸಿಟಿವಿಟಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹತ್ತಕ್ಕೆ ಒಬ್ಬರನ್ನು ನೋಡಿ ಹತ್ತರಿಂದ ಗುಣಿಸಿ ಸರಿಪಡಿಸಬಹುದು, ಅದಕ್ಕೆ ವಿಧಾನ ಇದೆ. ಆದರೆ ಆಗ ಸಿಕ್ಕ ಒಬ್ಬ ರೋಗಿ ಹತ್ತು ಜನರ ಲೆಕ್ಕಕ್ಕೆ ಬರುತ್ತಾರೆ. ಅವರು ಸಿಕ್ಕರೆ ಒಂದು ಉತ್ತರ, ಸಿಗದಿದ್ದರೆ ಪೂರ್ತಿ ಬೇರೆ ಉತ್ತರ. ಒಟ್ಟು ರೋಗಿಗಳೇ ಐವತ್ತರ ಆಸುಪಾಸು ಇರುವಾಗ ಆ ಅಲುಗಾಟ ತಡೆಯಲು ಆಗುವುದಿಲ್ಲ.

ಕೊನೆಗೆ 300 ಜನರಿಗೂ ಸಂದರ್ಶನ ಮಾಡಿದರು. ಹಾಳೆ ತುಂಬಿದ ಒಂದು ವಾರದೊಳಗೆ ಮುಗಿಸಬೇಕು, ಸಂದರ್ಶನ ಮಾಡುವವರಿಗೆ ಅಂಕ ಗೊತ್ತಿರಬಾರದು ಅಂತ ಎರಡು ನಿಯಮ ಇಟ್ಟುಕೊಂಡರು. ಎರಡನೆಯದನ್ನು ಪಾಲಿಸುವುದು ಕಷ್ಟವಾಯಿತು, ಯಾಕೆಂದರೆ ಹಾಳೆ ಕೇಸ್ ಫೈಲಿನಲ್ಲೇ ಇರುತ್ತಿತ್ತು. ಆಮೇಲೆ ನರ್ಸ್ ಹಾಳೆಗಳನ್ನು ಬೇರೆ ಕವರಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದರು.

## ರೇಖೆ ಏನು ತೋರಿಸಿತು

300 ಜನರಲ್ಲಿ 50 ಜನರಿಗೆ ಖಿನ್ನತೆ ಇತ್ತು, 250 ಜನರಿಗೆ ಇರಲಿಲ್ಲ. ಆರ್‌ಒಸಿ ರೇಖೆ ಅಂದರೆ ಏನೂ ಮಾಯ ಅಲ್ಲ. ಕಟ್ ಆಫ್ ಅನ್ನು 30ರಿಂದ ಒಂದೊಂದೇ ಅಂಕ ಕೆಳಗಿಳಿಸುತ್ತಾ ಬನ್ನಿ. ಪ್ರತಿ ಹಂತದಲ್ಲೂ ರೋಗಿಗಳಲ್ಲಿ ಎಷ್ಟು ಭಾಗ ಸಿಕ್ಕಿದರು, ಕಾಯಿಲೆ ಇಲ್ಲದವರಲ್ಲಿ ಎಷ್ಟು ಭಾಗ ತಪ್ಪಾಗಿ ಸಿಕ್ಕಿಬಿದ್ದರು ಅಂತ ಒಂದು ಚುಕ್ಕೆ ಇಡಿ. ಚುಕ್ಕೆಗಳನ್ನು ಸೇರಿಸಿದರೆ ಅದೇ ರೇಖೆ.

ನಮ್ಮ ರೇಖೆಯ ಎಯುಸಿ 0.92. ಒಬ್ಬ ರೋಗಿಯನ್ನೂ ಕಾಯಿಲೆ ಇಲ್ಲದ ಒಬ್ಬರನ್ನೂ ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿದರೆ, ರೋಗಿಯ ಅಂಕವೇ ಜಾಸ್ತಿ ಇರುವ ಸಾಧ್ಯತೆ 92% ಅಂತ ಇದರ ಅರ್ಥ. ಒಳ್ಳೆಯ ಸಂಖ್ಯೆಯೇ. ಆದರೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದರ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಅದಕ್ಕೆ ಬೇಕಾದ್ದು ಈ ಪಟ್ಟಿ. ಇದರಲ್ಲಿ ಸ್ಪೆಸಿಫಿಸಿಟಿ ಅಂದರೆ ಕಾಯಿಲೆ ಇಲ್ಲದ ನೂರು ಜನರಲ್ಲಿ ಹಾಳೆ ಎಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಅನ್ನುವುದು:

| ಕಟ್ ಆಫ್ | ಸಿಕ್ಕ ರೋಗಿಗಳು (50ರಲ್ಲಿ) | ತಪ್ಪಾಗಿ ಸಿಕ್ಕವರು (250ರಲ್ಲಿ) | ಸೆನ್ಸಿಟಿವಿಟಿ | ಸ್ಪೆಸಿಫಿಸಿಟಿ |
|---|---|---|---|---|
| 8 ಮತ್ತು ಮೇಲೆ | 48 | 100 | 96% | 60% |
| 9 ಮತ್ತು ಮೇಲೆ | 46 | 80 | 92% | 68% |
| 10 ಮತ್ತು ಮೇಲೆ | 45 | 60 | 90% | 76% |
| 11 ಮತ್ತು ಮೇಲೆ | 43 | 45 | 86% | 82% |
| 12 ಮತ್ತು ಮೇಲೆ | 40 | 30 | 80% | 88% |
| 13 ಮತ್ತು ಮೇಲೆ | 38 | 15 | 76% | 94% |
| 14 ಮತ್ತು ಮೇಲೆ | 33 | 10 | 66% | 96% |

ಮೊದಲಿನ 15 ಇಲ್ಲಿ ಹೇಗೆ ನಡೆಯುತ್ತಿತ್ತು ಅಂತಲೂ ನೋಡಿದೆವು. 50ರಲ್ಲಿ 28 ಜನ ಮಾತ್ರ ಸಿಗುತ್ತಿದ್ದರು. ಹತ್ತಿರ ಹತ್ತಿರ ಅರ್ಧ ಜನ ಕೈತಪ್ಪುತ್ತಿದ್ದರು. ನರ್ಸ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಇಲ್ಲಿ ಒಂದು ಸಣ್ಣ ವಿಷಯ. ಕೆಲವು ಸಾಫ್ಟ್‌ವೇರ್‌ಗಳು ಕಟ್ ಆಫ್ ಅನ್ನು ಪೂರ್ಣ ಸಂಖ್ಯೆಯಲ್ಲಿ ತೋರಿಸುವುದಿಲ್ಲ. ಪಕ್ಕಪಕ್ಕದ ಎರಡು ಅಂಕಗಳ ನಡುವಿನ ಬಿಂದು ಕೊಡುತ್ತವೆ, ಉದಾಹರಣೆಗೆ 12.5. ಹಾಗಂದರೆ "13 ಮತ್ತು ಮೇಲೆ". ಅದನ್ನು ಓದಿ 12 ಅಂತ ಬರೆದುಕೊಂಡರೆ ಬೇರೆ ಕಟ್ ಆಫ್ ಆಗಿಬಿಡುತ್ತದೆ. ಕೆಲವು ಪ್ರಬಂಧಗಳು 12/13 ಅಂತ ಬರೆಯುತ್ತವೆ, ಅದೂ 13ರಿಂದ ಪಾಸಿಟಿವ್ ಅನ್ನುವ ಅರ್ಥದಲ್ಲೇ. ಅದಕ್ಕೇ ನಮ್ಮ ಪಟ್ಟಿಯಲ್ಲಿ ಪ್ರತಿ ಸಾಲಿನಲ್ಲೂ "ಮತ್ತು ಮೇಲೆ" ಅಂತ ಬರೆಸಿದೆ. ನೋಡಲು ಸ್ವಲ್ಪ ಪೆದ್ದಾಗಿ ಕಂಡರೂ ಪರವಾಗಿಲ್ಲ.

## ಯೂಡನ್ ಸೂಚ್ಯಂಕದ 13

ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಧಾನ ಯೂಡನ್ ಸೂಚ್ಯಂಕ. 1950ರಲ್ಲಿ ಬಂದದ್ದು, ಲೆಕ್ಕ ಸರಳ: ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಎರಡನ್ನೂ ಕೂಡಿ ಒಂದನ್ನು ಕಳೆಯುವುದು. ಅದು ಎಲ್ಲಿ ಅತಿ ಹೆಚ್ಚೋ ಅಲ್ಲಿ ಕಟ್ ಆಫ್. ನಮ್ಮ ಪಟ್ಟಿಯಲ್ಲಿ 13ಕ್ಕೆ 0.76 + 0.94 - 1, ಅಂದರೆ 0.70 ಬಂತು. ಅದೇ ಅತಿ ಹೆಚ್ಚು. "ಸರಿ, 13 ಅಂತ ಬರೆಯೋಣ" ಅಂದರು ಮುಖ್ಯಸ್ಥರು.

ಪಕ್ಕದ ಸಾಲುಗಳನ್ನೂ ನೋಡೋಣ ಅಂದೆ. 12ಕ್ಕೆ 0.68. 11ಕ್ಕೂ 0.68. 10ಕ್ಕೆ 0.66. ರೋಗಿಗಳು ಒಟ್ಟು 50 ಆದ್ದರಿಂದ ಒಬ್ಬ ರೋಗಿಗೆ ಸೂಚ್ಯಂಕದಲ್ಲಿ 0.02 ತೂಕ. ಅಂದರೆ 13 ಅಂಕ ಪಡೆದ ಒಬ್ಬ ರೋಗಿ ಆ ದಿನ ಯಾವುದೋ ಒಂದು ಪ್ರಶ್ನೆಗೆ 2ರ ಬದಲು 1 ಗುರುತು ಹಾಕಿದ್ದರೆ, 11, 12, 13 ಮೂರೂ ಸಮ ಆಗುತ್ತಿದ್ದವು. ಇಡೀ ಅಧ್ಯಯನದ ಉತ್ತರ ಒಬ್ಬರ ಒಂದು ಟಿಕ್ ಮೇಲೆ ನಿಂತಿತ್ತು.

ಇದನ್ನು ಇನ್ನೂ ಗಟ್ಟಿಯಾಗಿ ನೋಡಲು ಬೂಟ್‌ಸ್ಟ್ರ್ಯಾಪ್ ಮಾಡಿದೆವು. ಇದ್ದ 300 ಜನರಿಂದಲೇ, ಒಬ್ಬರು ಮತ್ತೆ ಮತ್ತೆ ಬರಬಹುದಾದ ಹಾಗೆ, 300 ಜನರ ಗುಂಪನ್ನು ಸಾವಿರ ಸಲ ಕಂಪ್ಯೂಟರ್‌ನಲ್ಲಿ ಆರಿಸಿ, ಪ್ರತಿ ಸಲವೂ ಯೂಡನ್ ಕಟ್ ಆಫ್ ಕಂಡುಹಿಡಿಯುವುದು. 13 ಗೆದ್ದದ್ದು ಅರ್ಧಕ್ಕಿಂತ ಕಡಿಮೆ ಸಲ. ಉಳಿದವನ್ನು 10, 11, 12 ಹಂಚಿಕೊಂಡವು. ಸೂಚ್ಯಂಕದ ತುದಿ ಶಿಖರದ ಹಾಗೆ ಚೂಪಾಗಿರಲಿಲ್ಲ, ದಿಣ್ಣೆಯ ಹಾಗೆ ಚಪ್ಪಟೆಯಾಗಿತ್ತು. ಚಪ್ಪಟೆ ಜಾಗದಲ್ಲಿ ಅತಿ ಎತ್ತರದ ಬಿಂದು ಯಾವುದು ಅಂತ ಹುಡುಕಿದರೆ ಸಿಗುವ ಉತ್ತರದಲ್ಲಿ ಅದೃಷ್ಟದ ಪಾಲೇ ಜಾಸ್ತಿ.

ಹಾಗಾದರೆ 10ರಿಂದ 13ರವರೆಗೆ ಯಾವುದನ್ನು ಬೇಕಾದರೂ ಇಡಬಹುದಾ? ಸೂಚ್ಯಂಕಕ್ಕೆ ಅವೆಲ್ಲ ಹೆಚ್ಚುಕಡಿಮೆ ಒಂದೇ. ರೋಗಿಗಳಿಗೆ ಖಂಡಿತ ಒಂದೇ ಅಲ್ಲ. 13 ಇಟ್ಟರೆ 50ರಲ್ಲಿ 12 ಜನ ಕೈತಪ್ಪುತ್ತಾರೆ. 10 ಇಟ್ಟರೆ 5 ಜನ. ಇನ್ನೊಂದು ಕಡೆ, 13 ಇಟ್ಟರೆ 15 ಜನರಿಗೆ ಸುಮ್ನೆ ಸಂದರ್ಶನ, 10 ಇಟ್ಟರೆ 60 ಜನರಿಗೆ.

## ಯೂಡನ್ ಒಳಗೆ ಅಡಗಿದ ದರ

ಚರ್ಚೆ ದಾರಿ ಬದಲಿಸಿದ್ದು ಇಲ್ಲಿ. ಯೂಡನ್ ಸೂಚ್ಯಂಕ ಯಾರ ಪಕ್ಷವನ್ನೂ ವಹಿಸುವುದಿಲ್ಲ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಸೆನ್ಸಿಟಿವಿಟಿಗೂ ಸ್ಪೆಸಿಫಿಸಿಟಿಗೂ ಸಮಾನ ತೂಕ ಕೊಡುತ್ತದಲ್ಲ, ಅದಕ್ಕೆ. ಆದರೆ ಅವೆರಡೂ ಶೇಕಡಾವಾರು ಲೆಕ್ಕಗಳು. ಅವನ್ನು ತಲೆಲೆಕ್ಕಕ್ಕೆ ಇಳಿಸಿ ನೋಡಿ. ಒಬ್ಬ ರೋಗಿ ಅಂದರೆ 50ರಲ್ಲಿ ಒಬ್ಬರು, 2%. ಕಾಯಿಲೆ ಇಲ್ಲದವರಲ್ಲಿ 2% ಅಂದರೆ 250ರಲ್ಲಿ 5 ಜನ. ಅಂದರೆ ನಮ್ಮ ಹೊರರೋಗಿ ವಿಭಾಗದಲ್ಲಿ ಯೂಡನ್ ಬಳಸಿದರೆ, "ಒಬ್ಬ ರೋಗಿ ಕೈತಪ್ಪುವುದೂ ಐದು ಜನರಿಗೆ ಸುಮ್ನೆ ಸಂದರ್ಶನ ಮಾಡುವುದೂ ಸಮ" ಅಂತ ಒಪ್ಪಿದ ಹಾಗೆ. ಆ ಐದು ಅನ್ನುವ ದರವನ್ನು ಯಾರೂ ಕೂತು ಯೋಚಿಸಿ ಆರಿಸಿಲ್ಲ. ರೋಗಿಗಳು ಮತ್ತು ಉಳಿದವರ ಅನುಪಾತದಿಂದ ಅದು ತಾನಾಗಿ ಬಂದದ್ದು. ಅರ್ಧಕ್ಕರ್ಧ ಜನರಿಗೆ ಕಾಯಿಲೆ ಇರುವ ಕಡೆ ಇದೇ ಸೂಚ್ಯಂಕ ಬಳಸಿದರೆ ದರ ಒಂದಕ್ಕೆ ಒಂದು ಆಗಿಬಿಡುತ್ತದೆ.

ಇದನ್ನು ಹೇಳಿದಾಗ ಮುಖ್ಯಸ್ಥರು, "ಐದಕ್ಕೆ ಒಂದು ಅಂತ ನಾನು ಯಾವತ್ತೂ ಒಪ್ಪಿಲ್ಲ. ಒಬ್ಬರನ್ನೂ ಬಿಡಬಾರದು" ಅಂದರು.

ಒಬ್ಬರನ್ನೂ ಬಿಡದಿರಲು ಕಟ್ ಆಫ್ ಅನ್ನು 4ಕ್ಕೆ ಇಳಿಸಬೇಕಿತ್ತು. ಆಗ 50 ರೋಗಿಗಳ ಜೊತೆ ಇನ್ನೂ 190 ಜನ ಸಿಕ್ಕಿಬೀಳುತ್ತಿದ್ದರು. 300ರಲ್ಲಿ 240 ಜನರಿಗೆ ಸಂದರ್ಶನ. ಆಪ್ತಸಮಾಲೋಚಕರಲ್ಲಿ ಹಿರಿಯರಾಗಿದ್ದ ಮೇಡಂ ನಕ್ಕರು. "ಹಾಗಾದರೆ ಹಾಳೆ ಯಾಕೆ ಸರ್? ಎಲ್ಲರನ್ನೂ ಒಳಗೆ ಕರೆದುಬಿಡೋಣ."

ಆಮೇಲೆ ಪ್ರಶ್ನೆಯನ್ನು ಬೇರೆ ರೀತಿ ಕೇಳಿದೆವು. ಸೆನ್ಸಿಟಿವಿಟಿ ಎಷ್ಟು ಬೇಕು ಅಂತ ಕೇಳಿದರೆ ಎಲ್ಲರೂ 95% ಅನ್ನುತ್ತಾರೆ, ಅದಕ್ಕೇನೂ ಖರ್ಚಿಲ್ಲ. ಹಾಗಾಗಿ ಕೇಳಿದ್ದು ಇದು: ಇನ್ನೊಬ್ಬ ರೋಗಿ ಸಿಗಬೇಕಾದರೆ, ಕಾಯಿಲೆ ಇಲ್ಲದ ಎಷ್ಟು ಜನರಿಗೆ 40 ನಿಮಿಷ ಕೊಡಲು ನೀವು ತಯಾರು? ಒಬ್ಬೊಬ್ಬರೂ ಇನ್ನೊಬ್ಬರಿಗೆ ತೋರಿಸದೆ ಚೀಟಿಯಲ್ಲಿ ಬರೆದರು. ಆಪ್ತಸಮಾಲೋಚಕರು ಇಬ್ಬರೂ 8 ಅಂತ, ನರ್ಸ್ 10 ಅಂತ, ಮನೋವೈದ್ಯರು 15 ಅಂತ ಬರೆದಿದ್ದರು. ಸಂದರ್ಶನ ಮಾಡಬೇಕಾದವರದ್ದೇ ಕಡಿಮೆ ಸಂಖ್ಯೆ, ಸಹಜ ಅಲ್ವಾ?

ಈಗ ಕಟ್ ಆಫ್ ಅನ್ನು 13ರಿಂದ ಒಂದೊಂದೇ ಮೆಟ್ಟಿಲು ಇಳಿಸಿ ನೋಡಿದೆವು. 13ರಿಂದ 12ಕ್ಕೆ ಇಳಿದರೆ ಇಬ್ಬರು ರೋಗಿಗಳು ಹೆಚ್ಚು ಸಿಗುತ್ತಾರೆ, 15 ಸುಮ್ನೆ ಸಂದರ್ಶನಗಳು ಹೆಚ್ಚುತ್ತವೆ. ಒಬ್ಬ ರೋಗಿಗೆ 7.5. 12ರಿಂದ 11ಕ್ಕೆ ಮೂವರು ಸಿಗುತ್ತಾರೆ, ಮತ್ತೆ 15 ಸಂದರ್ಶನ. ಒಬ್ಬರಿಗೆ 5. 11ರಿಂದ 10ಕ್ಕೆ ಇಬ್ಬರು, 15 ಸಂದರ್ಶನ, ಮತ್ತೆ 7.5. ಆದರೆ 10ರಿಂದ 9ಕ್ಕೆ ಇಳಿದರೆ ಸಿಗುವುದು ಒಬ್ಬರೇ, ಅದಕ್ಕೆ 20 ಸಂದರ್ಶನ. ಬೆಲೆ ಅಲ್ಲಿ ಒಮ್ಮೆಲೇ ಜಿಗಿಯುತ್ತದೆ. ಒಂದು ಮೆಟ್ಟಿಲನ್ನು ಮಾತ್ರ ನೋಡಿ ನಂಬುವುದು ಬೇಡ, ಸಣ್ಣ ಗುಂಪಿನಲ್ಲಿ ಮೆಟ್ಟಿಲುಗಳು ಏರುಪೇರಾಗಿರುತ್ತವೆ ಅಂತ 10ರಿಂದ 8ಕ್ಕೆ ಒಟ್ಟಿಗೆ ಇಳಿದೂ ನೋಡಿದೆವು. ಮೂವರಿಗೆ 40, ಒಬ್ಬರಿಗೆ 13ಕ್ಕಿಂತ ಸ್ವಲ್ಪ ಜಾಸ್ತಿ.

ಹೀಗಾಗಿ ದರ 8 ಇರಲಿ, 10 ಇರಲಿ, 13 ಇರಲಿ, ಉತ್ತರ 10 ಅಂಕವೇ. 15 ಅಂದವರ ಲೆಕ್ಕಕ್ಕೆ ಮಾತ್ರ ಉತ್ತರ 8 ಆಗುತ್ತಿತ್ತು. ಅದಕ್ಕೆ ಸಮಯ ಅಡ್ಡ ಬಂತು. ವಾರಕ್ಕೆ ಸುಮಾರು 60 ಜನ ಹಾಳೆ ತುಂಬುತ್ತಾರೆ, ಸಂದರ್ಶನಕ್ಕೆ ಇಬ್ಬರು ಸೇರಿ ವಾರಕ್ಕೆ 16 ಗಂಟೆ ಕೊಡಬಲ್ಲರು. ಕಟ್ ಆಫ್ 10 ಇಟ್ಟರೆ ವಾರಕ್ಕೆ 21 ಸಂದರ್ಶನ, 14 ಗಂಟೆ. 8 ಇಟ್ಟರೆ ಹತ್ತಿರ ಹತ್ತಿರ 20 ಗಂಟೆ. ಮಾಡಲಾಗದ ಸಂದರ್ಶನಗಳು ಕಾಯುವ ಪಟ್ಟಿಯಲ್ಲಿ ಕೂರುತ್ತವೆ, ಆ ಪಟ್ಟಿಯಲ್ಲಿ ನಿಜವಾದ ರೋಗಿಗಳೂ ಇರುತ್ತಾರೆ. ಮನೋವೈದ್ಯರು ಒಪ್ಪಿದರು. ಒಬ್ಬ ರೋಗಿಗೆ ಹತ್ತು ಸಂದರ್ಶನ ಅನ್ನುವುದೇ ತಂಡದ ದರ ಅಂತಾಯಿತು.

ಇದನ್ನೇ ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಮಾಡಬಹುದು. `d` ನಮ್ಮ ಮಾಹಿತಿ; ಅದರಲ್ಲಿ `dx` ಅಂದರೆ ಕಾಯಿಲೆ ಇದ್ದರೆ 1, ಇಲ್ಲದಿದ್ದರೆ 0; `score` ಅಂದರೆ ಅಂಕ. `best.weights`ನಲ್ಲಿ ಮೊದಲ ಸಂಖ್ಯೆ ಒಬ್ಬ ರೋಗಿ ಕೈತಪ್ಪುವುದಕ್ಕೆ ಎಷ್ಟು ಸುಮ್ನೆ ಸಂದರ್ಶನ ಸಮ ಅನ್ನುವ ದರ, ಎರಡನೆಯದು ಕಾಯಿಲೆ ಇರುವವರ ಪಾಲು:

```r
library(pROC)
r <- roc(d$dx, d$score, levels = c(0, 1), direction = "<")
coords(r, "best", best.method = "youden")
coords(r, "best", best.method = "youden",
       best.weights = c(10, 50/300))
```

ಮೊದಲ `coords` ಸಾಲು 12.5 ಕೊಡುತ್ತದೆ, ಎರಡನೆಯದು 9.5. ಅದೇ ಮಾಹಿತಿ, ಅದೇ ರೇಖೆ. ಬದಲಾದದ್ದು ದರ ಮಾತ್ರ.

ಒಂದು ಅನುಮಾನವನ್ನೂ ಹೇಳಬೇಕು. ಪಿಎಚ್‌ಕ್ಯೂ-9 ಅನ್ನುವ ಹೆಸರುವಾಸಿ ಪ್ರಶ್ನಾವಳಿಗೂ ಕಟ್ ಆಫ್ 10. 2001ರ ಅದರ ಅಧ್ಯಯನದಲ್ಲಿ ಆ ಮಟ್ಟಕ್ಕೆ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ 88% ಬಂದಿದ್ದವು. ಅಲ್ಲಿಂದ ನಕಲು ಹೊಡೆದಿರಾ ಅಂತ ಒಬ್ಬರು ಕೇಳಿಯೂ ಕೇಳಿದರು. ಅದರ ಒಟ್ಟು ಅಂಕ 27, ನಮ್ಮದು 30. ಪ್ರಶ್ನೆಗಳೂ ಬೇರೆ. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ. ಆದರೂ ಆ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. 10ಕ್ಕೆ ಹೇಗೆ ಬಂದೆವು ಅಂತ ಚೀಟಿಯ ಸಂಖ್ಯೆಗಳ ಸಮೇತ ಬರೆದಿಡಬೇಕಾಯಿತು.

## ಹೊಸ ಜನರ ಮೇಲೆ

ಕಟ್ ಆಫ್ ಆರಿಸಿದ ಗುಂಪಿನಲ್ಲೇ ಅದರ ಸೆನ್ಸಿಟಿವಿಟಿಯನ್ನೂ ಅಳೆದರೆ, ಬರುವ ಸಂಖ್ಯೆ ಇದ್ದದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಕಾಣುವ ಅಪಾಯ ಯಾವಾಗಲೂ ಇದೆ. ಸಣ್ಣ ಗುಂಪಾದಷ್ಟೂ ಇದು ಹೆಚ್ಚು. ಅದಕ್ಕೆ ಎರಡನೇ ಸುತ್ತು ಬೇಕಿತ್ತು. ಕಟ್ ಆಫ್ 10, ಹೋಲಿಕೆಗೆ 13, ಇವೆರಡನ್ನೇ ನೋಡುತ್ತೇವೆ ಅಂತ ಮೊದಲೇ ಬರೆದು ಸಹಿ ಮಾಡಿದೆವು. ಹೊಸ ಮಾಹಿತಿ ಬಂದ ಮೇಲೆ ಮತ್ತೆ ರೇಖೆ ಎಳೆದು ಹೊಸ ಕಟ್ ಆಫ್ ಹುಡುಕುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಅದು ಪರೀಕ್ಷೆ ಆಗುವುದಿಲ್ಲ, ಇನ್ನೊಂದು ಹುಡುಕಾಟ ಆಗುತ್ತದೆ.

ಇನ್ನೊಂದು ಹೊರರೋಗಿ ವಿಭಾಗದಲ್ಲಿ 180 ಜನ. ಅವರಲ್ಲಿ 24 ಜನರಿಗೆ ಖಿನ್ನತೆ. ಕಟ್ ಆಫ್ 10ಕ್ಕೆ 24ರಲ್ಲಿ 20 ಜನ ಸಿಕ್ಕರು. 90% ಇದ್ದದ್ದು 83% ಆಯಿತು. ಕಾಯಿಲೆ ಇಲ್ಲದ 156 ಜನರಲ್ಲಿ 42 ಜನ ತಪ್ಪಾಗಿ ಸಿಕ್ಕಿದರು, ಸ್ಪೆಸಿಫಿಸಿಟಿ 76ರಿಂದ 73%ಗೆ ಬಂತು. 13 ಇಟ್ಟಿದ್ದರೆ 16 ಜನ ಮಾತ್ರ ಸಿಗುತ್ತಿದ್ದರು, 67%. ತಪ್ಪಾಗಿ ಸಿಗುತ್ತಿದ್ದವರು 11. ಎರಡೂ ಕಟ್ ಆಫ್‌ಗಳಲ್ಲಿ ಇಳಿಕೆ ಆಯಿತು. ಆದರೆ ದರ ಕೆಡಲಿಲ್ಲ: 13ರಿಂದ 10ಕ್ಕೆ ಇಳಿದದ್ದಕ್ಕೆ ನಾಲ್ವರು ರೋಗಿಗಳು ಹೆಚ್ಚು, 31 ಸಂದರ್ಶನ ಹೆಚ್ಚು. ಒಬ್ಬರಿಗೆ ಸುಮಾರು 8. ತಂಡ ಒಪ್ಪಿದ್ದ ಹತ್ತರೊಳಗೇ ಇತ್ತು. ಯೂಡನ್ ಸೂಚ್ಯಂಕ ಈ ಸಲವೂ 13ಕ್ಕೇ ಸ್ವಲ್ಪ ಹೆಚ್ಚು ಬಂತು ಅನ್ನುವುದನ್ನೂ ಮುಚ್ಚಿಡಬಾರದು. ಅದರ ದರ ಬೇರೆ, ನಮ್ಮ ದರ ಬೇರೆ.

83% ಅನ್ನುವುದನ್ನೂ ಗಟ್ಟಿ ಸಂಖ್ಯೆ ಅಂದುಕೊಳ್ಳಬಾರದು. ರೋಗಿಗಳು 24 ಜನ ಮಾತ್ರ. ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ 95% ವಿಶ್ವಾಸ ವ್ಯಾಪ್ತಿ ಇಲ್ಲಿ 64ರಿಂದ 93%. ಒಟ್ಟು 180 ಜನ ಅನ್ನುವುದು ದೊಡ್ಡದಾಗಿ ಕೇಳಿಸುತ್ತದೆ, ಆದರೆ ಸೆನ್ಸಿಟಿವಿಟಿಯ ಖಚಿತತೆ ರೋಗಿಗಳ ಸಂಖ್ಯೆಯಿಂದ ಬರುತ್ತದೆ. ಅಧ್ಯಯನಕ್ಕೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವಾಗಲೂ ಮೊದಲು ಎಷ್ಟು ರೋಗಿಗಳು ಬೇಕು ಅಂತ ನೋಡಿ, ಆಮೇಲೆ ಅಷ್ಟು ರೋಗಿಗಳು ಸಿಗಲು ಎಷ್ಟು ಜನರನ್ನು ಸೇರಿಸಬೇಕು ಅಂತ ಹಿಂದಕ್ಕೆ ಬರಬೇಕು.

ಇನ್ನೊಂದು ಬದಲಾವಣೆ ಆಪ್ತಸಮಾಲೋಚಕರಿಗೆ ಮೊದಲು ಕಂಡಿತು. ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕಾಯಿಲೆ ಇದ್ದವರು ಮೊದಲ ಸುತ್ತಿನಲ್ಲಿ 105ಕ್ಕೆ 45, ಅಂದರೆ 43%. ಎರಡನೇ ಸುತ್ತಿನಲ್ಲಿ 62ಕ್ಕೆ 20, ಅಂದರೆ 32%. "ಇಲ್ಲಿ ಹಾಳೆ ಸರಿ ಕೆಲಸ ಮಾಡ್ತಿಲ್ಲ ಅನ್ಸುತ್ತೆ" ಅಂದರು. ಸ್ವಲ್ಪ ಮಟ್ಟಿಗೆ ಹಾಳೆಯೇ ಇಳಿದಿತ್ತು, ನಿಜ. ಆದರೆ ಹಾಳೆ ಮೊದಲಿನಷ್ಟೇ ಚೆನ್ನಾಗಿ ನಡೆದಿದ್ದರೂ ಇಲ್ಲಿ 37%ರ ಹತ್ತಿರವೇ ಬರುತ್ತಿತ್ತು, ಯಾಕೆಂದರೆ ಈ ವಿಭಾಗಕ್ಕೆ ಬರುವವರಲ್ಲಿ ಖಿನ್ನತೆ ಇರುವವರ ಪಾಲೇ ಕಡಿಮೆ, 17%ರ ಬದಲು 13%.

## ಕೈತಪ್ಪಿದ ನಾಲ್ವರು

ಲೆಕ್ಕ ಮುಗಿದ ಮೇಲೆ ಆ ನಾಲ್ಕು ಹಾಳೆಗಳನ್ನು ಕವರಿನಿಂದ ತೆಗೆದು ಮೇಜಿನ ಮೇಲೆ ಹರಡಿದೆವು. ಕಟ್ ಆಫ್ ಅಧ್ಯಯನಗಳಲ್ಲಿ ಈ ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ನನಗೆ ಇದು ರೇಖೆಗಿಂತ ಹೆಚ್ಚು ಉಪಯೋಗದ್ದು ಅನಿಸಿತು.

ಇಬ್ಬರ ಅಂಕ 9 ಮತ್ತು 8. ಗೆರೆಯ ಪಕ್ಕದಲ್ಲೇ ಇದ್ದವರು, ಯಾವ ಕಟ್ ಆಫ್ ಇಟ್ಟರೂ ಇಂಥವರು ಇರುತ್ತಾರೆ. ಮೂರನೆಯವರ ಅಂಕ 7. ನಿದ್ದೆ, ಸುಸ್ತು, ಹಸಿವು, ಈ ಮೂರರಲ್ಲೇ ಆ ಏಳೂ ಅಂಕ. ಬೇಸರ, ಆಸಕ್ತಿ, ಅಳು ಇಂಥ ಪ್ರಶ್ನೆಗಳಿಗೆಲ್ಲ ಸೊನ್ನೆ. ಸಂದರ್ಶನದಲ್ಲಿ ಅವರು ಮೊದಲ ಕಾಲು ಗಂಟೆ ಮೈಕೈ ನೋವಿನ ಬಗ್ಗೆಯೇ ಮಾತಾಡಿದ್ದರಂತೆ. ಬೇಸರದ ವಿಷಯ ಆಮೇಲೆ ಬಂತು.

ನಾಲ್ಕನೆಯ ಹಾಳೆಯಲ್ಲಿ ಎಲ್ಲದಕ್ಕೂ ಸೊನ್ನೆ. ಹತ್ತು ಟಿಕ್‌ಗಳೂ ಒಂದೇ ಕಾಲಂನಲ್ಲಿ, ಒಂದರ ಕೆಳಗೊಂದು, ಒಂದೇ ಉಸಿರಿನಲ್ಲಿ ಹಾಕಿದ ಹಾಗೆ. ಅಕ್ಷರ ಬೇರೆಯವರದ್ದು. ಜೊತೆಗೆ ಬಂದಿದ್ದ ಸಂಬಂಧಿಕರು ತುಂಬಿದ್ದರು. ಈ ಹಾಳೆಯನ್ನು ಯಾವ ಕಟ್ ಆಫ್ ಹಿಡಿಯುತ್ತಿತ್ತು? ಇದು ಹಾಳೆ ಕೊಡುವ ರೀತಿಯ ಸಮಸ್ಯೆ. ಅವತ್ತಿನಿಂದ ಹಾಳೆಯನ್ನು ರೋಗಿಗೆ ಒಬ್ಬರೇ ಇರುವಾಗ ಕೊಡುವುದು, ಓದಲು ಬಾರದವರಿಗೆ ಸಿಬ್ಬಂದಿಯೇ ಓದಿ ಹೇಳುವುದು ಅಂತ ಬದಲಿಸಿದರು.

ತಪ್ಪಾಗಿ ಸಿಕ್ಕಿದ 42 ಜನರ ಹಾಳೆಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು. ಬಹಳಷ್ಟು ಜನ ರಕ್ತಹೀನತೆ, ಥೈರಾಯ್ಡ್, ಹಳೆಯ ನೋವು ಇರುವವರು. ಅವರ ಅಂಕದಲ್ಲೂ ಹೆಚ್ಚಿನ ಪಾಲು ಬಂದದ್ದು ನಿದ್ದೆ, ಸುಸ್ತು, ಹಸಿವಿನಿಂದ. ಅಂದರೆ ಅವೇ ಮೂರು ಪ್ರಶ್ನೆಗಳು ಕಾಯಿಲೆ ಇಲ್ಲದವರನ್ನು ಮೇಲಕ್ಕೆ ತಳ್ಳುತ್ತಿದ್ದವು, ಮೂರನೆಯವರಂಥ ರೋಗಿಗಳಿಗೆ ಅಂಕ ಬರುವುದೂ ಅವುಗಳಿಂದಲೇ. ಅವನ್ನು ತೆಗೆದುಬಿಡೋಣ ಅಂತ ಒಂದು ಮಾತು ಬಂತು. ತೆಗೆದರೆ ಅದು ಬೇರೆ ಪ್ರಶ್ನಾವಳಿ, ಅದಕ್ಕೆ ಬೇರೆ ರೇಖೆ, ಎಲ್ಲ ಮೊದಲಿನಿಂದ. ಸದ್ಯಕ್ಕೆ ಬಿಟ್ಟರು.

## ಕೈಪಿಡಿಯಲ್ಲಿ ಬರೆದದ್ದು

ಕೈಪಿಡಿಯಲ್ಲಿ ಕಟ್ ಆಫ್ "10 ಮತ್ತು ಮೇಲೆ" ಅಂತ ಇದೆ. ಅದರ ಪಕ್ಕದಲ್ಲಿ ಮೊದಲ ಸುತ್ತಿನ 90% ಅಲ್ಲ, ಎರಡನೇ ಸುತ್ತಿನ 83% ಮತ್ತು ಅದರ ವ್ಯಾಪ್ತಿಯನ್ನು ಮುಂದೆ ಹಾಕಿದ್ದಾರೆ. ಒಬ್ಬ ರೋಗಿಗೆ ಹತ್ತು ಸಂದರ್ಶನ ಅನ್ನುವ ದರವನ್ನು ತಂಡದ ತೀರ್ಮಾನ ಅಂತಲೇ ಬರೆದಿದ್ದಾರೆ, ಲೆಕ್ಕದ ಫಲಿತಾಂಶ ಅಂತ ಅಲ್ಲ. ಅಂಕ 8 ಅಥವಾ 9 ಬಂದವರಿಗೆ ಮುಂದಿನ ಭೇಟಿಯಲ್ಲಿ ಮತ್ತೆ ಹಾಳೆ ಕೊಡಬೇಕು. ಜೀವ ಕಳೆದುಕೊಳ್ಳುವ ಯೋಚನೆಯ ಬಗ್ಗೆ ಇರುವ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಸಂದರ್ಶನ.

ಆಮೇಲೆ ಒಂದು ಮನೋರೋಗ ವಿಭಾಗದವರು, ಹೊಸ ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ತೀರ್ಮಾನಿಸಲು ಈ ಹಾಳೆ ಬಳಸಬಹುದಾ, ಕಟ್ ಆಫ್ ಎಷ್ಟು ಅಂತ ಕೇಳಿ ಪತ್ರ ಬರೆದರು. ತಂಡ 10 ಅಂತ ಉತ್ತರ ಕೊಡಲಿಲ್ಲ. ಅಲ್ಲಿ ಬರುವವರಲ್ಲಿ ಕಾಯಿಲೆ ಇರುವವರ ಪಾಲು ಬೇರೆ, ಕಾಯಿಲೆಯ ತೀವ್ರತೆ ಬೇರೆ, ಹಾಳೆಯಿಂದ ಆಗಬೇಕಾದ ಕೆಲಸವೂ ಬೇರೆ. 0ಯಿಂದ 30ರವರೆಗಿನ ಪೂರ್ತಿ ಪಟ್ಟಿ, ಎರಡೂ ಸುತ್ತಿನದ್ದು, ಕಳಿಸಿದರು. ಜೊತೆಗೆ, ನಿಮ್ಮಲ್ಲಿ ಬರುವ ಜನರಿಂದಲೇ ನೂರಿನ್ನೂರು ಹಾಳೆ ಸಂಗ್ರಹಿಸಿ, ಅಂಕ ನೋಡದೆ ಸಂದರ್ಶನ ಮಾಡಿ, ಆಮೇಲೆ ಮಾತಾಡೋಣ ಅಂತ ಬರೆದರು. ಆ ಕೆಲಸ ಈಗ ನಡೆಯುತ್ತಿದೆ.